ರೆಪೊ ಇಳಿದರೆ ನಿಮ್ಮ ಬಾಂಡ್ ಏರಲೇಬೇಕು ಎಂದಿಲ್ಲ

ರಿಸರ್ವ್ ಬ್ಯಾಂಕ್ ರೆಪೊ ದರ ಇಳಿಸಿತು ಎಂದು ಟೀವಿಯಲ್ಲಿ ಬಂದರೆ ಸಾಕು, ಅವತ್ತೇ ಸಂಜೆ ಯಾರಾದರೊಬ್ಬರು ಫೋನ್ ಮಾಡುತ್ತಾರೆ. "ನನ್ನ ಬಾಂಡ್‌ಗಳ ಡ್ಯುರೇಶನ್ ಎಂಟೂವರೆ ಹತ್ತಿರ ಇದೆ, ಅರ್ಧ ಪರ್ಸೆಂಟ್ ಇಳಿದಿದೆ, ಹಾಗಾದರೆ ನಾಲ್ಕು ಪರ್ಸೆಂಟ್ ಲಾಭ ಬಂತಲ್ವಾ?" ಇಲ್ಲ, ಬಂದಿರಬೇಕು ಎಂದಿಲ್ಲ. ಕಾಸರಗೋಡಿನಲ್ಲಿ ಕೂತು ಇದನ್ನು ಎಷ್ಟು ಜನರಿಗೆ ಹೇಳಿದ್ದೇನೋ, ಮುಂದಿನ ಸಲ ಮತ್ತೆ ಅದೇ ಪ್ರಶ್ನೆ. ಹಾಗಾಗಿ ಈ ಒಂದು ವಿಷಯವನ್ನು ಪೂರ್ತಿಯಾಗಿ ಬರೆದುಬಿಡುತ್ತೇನೆ.

ಯೀಲ್ಡ್ ಅಂದರೆ ಇವತ್ತಿನ ಬೆಲೆಗೆ ಬಾಂಡ್ ಕೊಂಡವರಿಗೆ ಸಿಗುವ ಆದಾಯದ ದರ. ಅದು ಏರಿದರೆ ಬಾಂಡ್ ಬೆಲೆ ಇಳಿಯುತ್ತದೆ, ಯೀಲ್ಡ್ ಇಳಿದರೆ ಬೆಲೆ ಏರುತ್ತದೆ ಎನ್ನುವುದು ನಿಮಗೆ ಗೊತ್ತಿದೆ ಎಂದುಕೊಂಡಿದ್ದೇನೆ. ಎಷ್ಟು ಏರುತ್ತದೆ, ಎಷ್ಟು ಇಳಿಯುತ್ತದೆ ಎಂದು ಅಂದಾಜು ಮಾಡಲು ಎಲ್ಲರೂ ಬಳಸುವ ಸೂತ್ರ ಇದು:

```
ΔP/P ≈ −D × Δy + ½ × C × (Δy)²
```

ΔP/P ಅಂದರೆ ಬೆಲೆ ಎಷ್ಟು ಪಾಲು ಬದಲಾಯಿತು ಎನ್ನುವುದು. D ಅಂದರೆ ಮಾಡಿಫೈಡ್ ಡ್ಯುರೇಶನ್, ಯೀಲ್ಡ್ ಶೇ. 1 ಸರಿದರೆ ಬೆಲೆ ಸುಮಾರು ಶೇ. ಎಷ್ಟು ಸರಿಯುತ್ತದೆ ಎನ್ನುವ ಅಳತೆ. C ಅಂದರೆ ಕಾನ್ವೆಕ್ಸಿಟಿ, ಬದಲಾವಣೆ ದೊಡ್ಡದಾದಾಗ ಆ ಅಂದಾಜನ್ನು ತಿದ್ದುವ ಅಳತೆ. ಜನ ಈ ಎರಡರ ಬಗ್ಗೆ ತುಂಬ ತಲೆ ಕೆಡಿಸಿಕೊಳ್ಳುತ್ತಾರೆ. ಆದರೆ ಲೆಕ್ಕ ಹಾಳಾಗುವುದು ಹೆಚ್ಚಾಗಿ ಮೂರನೆಯದರಿಂದ, ಅಂದರೆ Δy ಯಿಂದ. ಅಲ್ಲಿ ಹಾಕಬೇಕಾದದ್ದು ನಿಮ್ಮ ಕೈಯಲ್ಲಿರುವ ಆ ಬಾಂಡ್‌ನ ಯೀಲ್ಡ್ ಎಷ್ಟು ಬದಲಾಯಿತು ಎನ್ನುವುದು. ರೆಪೊ ಎಷ್ಟು ಬದಲಾಯಿತು ಎನ್ನುವುದಲ್ಲ.

ಬದಿಯಡ್ಕ ಕಡೆಯ ನಿವೃತ್ತ ಮಾಷ್ಟ್ರೊಬ್ಬರು ರಿಸರ್ವ್ ಬ್ಯಾಂಕಿನ ರಿಟೇಲ್ ಡೈರೆಕ್ಟ್ ಖಾತೆ ಮಾಡಿ ತಾವೇ ಸರ್ಕಾರಿ ಬಾಂಡ್ ಕೊಳ್ಳುತ್ತಾರೆ. ಬಹಳ ಶಿಸ್ತಿನ ಮನುಷ್ಯ, ಎಲ್ಲವನ್ನೂ ನೋಟ್‌ಬುಕ್‌ನಲ್ಲಿ ಬರೆದಿಡುತ್ತಾರೆ, ನನಗೆ ಅವರ ಮೇಲೆ ತುಂಬ ಗೌರವ. 2025ರಲ್ಲಿ ರೆಪೊ ಫೆಬ್ರವರಿಯಲ್ಲಿ ಕಾಲು, ಏಪ್ರಿಲ್‌ನಲ್ಲಿ ಕಾಲು, ಜೂನ್ 6ರಂದು ಅರ್ಧ, ಹೀಗೆ ಒಟ್ಟು ಶೇ. 1 ಇಳಿದು 6.50ರಿಂದ 5.50ಕ್ಕೆ ಬಂತು. ಮಾಷ್ಟ್ರು ಲೆಕ್ಕ ಹಾಕಿ, ಲಾಭ ಎಲ್ಲಿ ಹೋಯಿತು ಎಂದು ಕೇಳಲು ಬಂದರು. ಅವರ ಲೆಕ್ಕವನ್ನೇ ಇಲ್ಲಿ ಕೊಡುತ್ತೇನೆ. ಅಂಕಿಗಳನ್ನು ಮಾತ್ರ ದುಂಡಗೆ ಮಾಡಿ ಬದಲಿಸಿದ್ದೇನೆ, ಯಾವುದೋ ಒಂದು ದಿನದ ಮಾರುಕಟ್ಟೆ ದರ ಎಂದು ತಿಳಿಯಬೇಡಿ.

ಎರಡು ಬಾಂಡ್. ಒಂದು 5 ವರ್ಷದ್ದು, ಯೀಲ್ಡ್ ಶೇ. 6.4. ಇನ್ನೊಂದು 30 ವರ್ಷದ್ದು, ಯೀಲ್ಡ್ ಶೇ. 7. ಎರಡೂ 100 ರೂಪಾಯಿ ಮುಖಬೆಲೆಗೆ ಸರಿಯಾಗಿ 100ರಲ್ಲೇ ಇವೆ, ಆರು ತಿಂಗಳಿಗೊಮ್ಮೆ ಬಡ್ಡಿ. ಒಂದೊಂದರಲ್ಲಿ 10 ಲಕ್ಷ, ಒಟ್ಟು 20 ಲಕ್ಷ. 5 ವರ್ಷದ್ದರ ಮಾಡಿಫೈಡ್ ಡ್ಯುರೇಶನ್ 4.22, ಕಾನ್ವೆಕ್ಸಿಟಿ ಸುಮಾರು 21. 30 ವರ್ಷದ್ದರ ಡ್ಯುರೇಶನ್ 12.47, ಕಾನ್ವೆಕ್ಸಿಟಿ ಸುಮಾರು 251. ಅರ್ಧಕ್ಕರ್ಧ ಇರುವುದರಿಂದ ಸರಾಸರಿ ಡ್ಯುರೇಶನ್ 8.35, ಕಾನ್ವೆಕ್ಸಿಟಿ 136. (ಸರಾಸರಿ ತೆಗೆಯುವಾಗ ಇವತ್ತಿನ ಮಾರುಕಟ್ಟೆ ಬೆಲೆಯ ಪಾಲು ನೋಡಬೇಕು, ಮುಖಬೆಲೆಯ ಪಾಲಲ್ಲ. ಇಲ್ಲಿ ಎರಡೂ ಒಂದೇ ಆದ್ದರಿಂದ ತೊಂದರೆ ಇಲ್ಲ.)

ಮಾಷ್ಟ್ರ ಲೆಕ್ಕ ಹೀಗಿತ್ತು. ಶೇ. 1 ಇಳಿಕೆಗೆ ಡ್ಯುರೇಶನ್‌ನಿಂದ 8.35, ಕಾನ್ವೆಕ್ಸಿಟಿಯಿಂದ 0.68, ಒಟ್ಟು ಶೇ. 9.03. 20 ಲಕ್ಷಕ್ಕೆ ಸುಮಾರು 1 ಲಕ್ಷದ 80 ಸಾವಿರ ರೂಪಾಯಿ ಲಾಭ. ಸೂತ್ರ ಸರಿ, ಗುಣಾಕಾರ ಸರಿ, ಅರ್ಧದಿಂದ ಗುಣಿಸಲೂ ಮರೆತಿಲ್ಲ. ಆದರೆ ಅವರ ಖಾತೆಯಲ್ಲಿ ಬೆಲೆ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು, ಒಂದು ಚೂರು ಕಮ್ಮಿಯೇ ಆಗಿತ್ತು.

ಯಾಕೆ? ರೆಪೊ ಎನ್ನುವುದು ಬ್ಯಾಂಕುಗಳು ರಿಸರ್ವ್ ಬ್ಯಾಂಕಿನಿಂದ ಬಹಳ ಕಡಿಮೆ ದಿನಗಳಿಗೆ ಸಾಲ ತೆಗೆಯುವ ದರ. 5 ವರ್ಷದ ಯೀಲ್ಡ್ ಅದರ ಹಿಂದೆ ಸ್ವಲ್ಪ ದೂರ ಹೋಗುತ್ತದೆ. 30 ವರ್ಷದ ಯೀಲ್ಡ್ ಬೇರೆ ವಿಷಯಗಳ ಮೇಲೆ ನಿಂತಿದೆ: ಮುಂದಿನ ಹಲವು ವರ್ಷ ಬೆಲೆಯೇರಿಕೆ ಎಷ್ಟಿರಬಹುದು, ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ಎಷ್ಟು ಉದ್ದದ ಸಾಲ ಎತ್ತುತ್ತವೆ, ಅದನ್ನು ಕೊಳ್ಳುವ ವಿಮಾ ಕಂಪನಿ, ಪಿಂಚಣಿ ಮತ್ತು ಪ್ರಾವಿಡೆಂಟ್ ಫಂಡ್‌ಗಳಿಗೆ ಎಷ್ಟು ಬೇಕಾಗಿದೆ ಎನ್ನುವುದರ ಮೇಲೆ. ಜೂನ್ 6ರಂದು ಅರ್ಧ ಪರ್ಸೆಂಟ್ ಇಳಿಸಿದ ರಿಸರ್ವ್ ಬ್ಯಾಂಕ್ ಅದೇ ದಿನ ತನ್ನ ನಿಲುವನ್ನು 'ತಟಸ್ಥ' ಎಂದು ಬದಲಿಸಿತು. ಇನ್ನು ಮುಂದೆ ಸುಲಭವಾಗಿ ಇಳಿಸುವುದಿಲ್ಲ ಎಂದು ಮಾರುಕಟ್ಟೆ ಓದಿಕೊಂಡಿತು. ಅದಾದ ಮೇಲಿನ ತಿಂಗಳುಗಳಲ್ಲಿ ಉದ್ದ ಅವಧಿಯ ಯೀಲ್ಡ್‌ಗಳು ಇಳಿಯುವ ಬದಲು ಏರಿದವು. ಅಡಿಕೆಯವರಿಗೆ ಇದು ಹೊಸದಲ್ಲ. ಹೊಸ ಚಾಲಿಗೆ ರೇಟು ಬಂತೆಂದು ಹಳೆ ಅಡಿಕೆಗೂ ಅಷ್ಟೇ ಬರುತ್ತದೆ ಎಂದು ನಮ್ಮೂರಲ್ಲಿ ಯಾರೂ ನಂಬುವುದಿಲ್ಲ. ಬಾಂಡ್ ವಿಷಯಕ್ಕೆ ಬಂದಾಗ ಮಾತ್ರ ಅದೇ ಜನ ಎಲ್ಲದಕ್ಕೂ ಒಂದೇ ದರ ಹಿಡಿದುಬಿಡುತ್ತಾರೆ.

ಸರಿ, ಈಗ ಲೆಕ್ಕ ಬಿಡಿಸಿ ಹಾಕೋಣ. 5 ವರ್ಷದ ಯೀಲ್ಡ್ ಶೇ. 0.50 ಇಳಿಯಿತು, 30 ವರ್ಷದ್ದು ಶೇ. 0.20 ಏರಿತು ಎಂದಿಟ್ಟುಕೊಳ್ಳಿ. ಮೊದಲನೆಯದಕ್ಕೆ ಡ್ಯುರೇಶನ್‌ನಿಂದ 2.11, ಕಾನ್ವೆಕ್ಸಿಟಿಯಿಂದ ಬರೀ 0.03, ಒಟ್ಟು ಶೇ. 2.14 ಏರಿಕೆ. 10 ಲಕ್ಷಕ್ಕೆ 21,400 ರೂಪಾಯಿ ಲಾಭ. ಎರಡನೆಯದಕ್ಕೆ ಡ್ಯುರೇಶನ್‌ನಿಂದ 2.49 ಇಳಿಕೆ, ಕಾನ್ವೆಕ್ಸಿಟಿ 0.05ರಷ್ಟು ವಾಪಸ್ ಕೊಡುತ್ತದೆ, ಒಟ್ಟು ಶೇ. 2.44 ಇಳಿಕೆ. 10 ಲಕ್ಷಕ್ಕೆ 24,400 ರೂಪಾಯಿ ನಷ್ಟ. ಎರಡನ್ನೂ ಕೂಡಿಸಿದರೆ 3,000 ರೂಪಾಯಿ ನಷ್ಟ. 1 ಲಕ್ಷದ 80 ಸಾವಿರ ಎಲ್ಲಿ, ಈ 3,000 ಎಲ್ಲಿ!

ಇಲ್ಲಿ ಗಮನಿಸಬೇಕಾದದ್ದು ಸರಾಸರಿ ಡ್ಯುರೇಶನ್ 8.35ರ ಗತಿ ಏನಾಯಿತು ಎಂದು. ಎಲ್ಲ ಅವಧಿಯ ಯೀಲ್ಡ್‌ಗಳೂ ಒಟ್ಟಿಗೆ, ಒಂದೇ ಅಳತೆಯಲ್ಲಿ ಸರಿದರೆ ಮಾತ್ರ ಆ ಸಂಖ್ಯೆ ನಿಮ್ಮ ಇಡೀ ಹೂಡಿಕೆಯ ಪರವಾಗಿ ಮಾತಾಡುತ್ತದೆ. ಒಂದು ತುದಿ ಇಳಿದು ಇನ್ನೊಂದು ತುದಿ ಏರಿದಾಗ ಅದಕ್ಕೆ ಅರ್ಥವೇ ಇಲ್ಲ. ಅರ್ಧ 5 ವರ್ಷ, ಅರ್ಧ 30 ವರ್ಷ ಎಂಬ ಹೂಡಿಕೆಗೂ, ಪೂರ್ತಿ 12-13 ವರ್ಷದ ಬಾಂಡ್‌ಗಳಿರುವ ಹೂಡಿಕೆಗೂ ಸರಾಸರಿ ಡ್ಯುರೇಶನ್ ಹೆಚ್ಚುಕಡಿಮೆ ಒಂದೇ ಬರಬಹುದು. ಆದರೆ ಅವೆರಡು ನಡೆದುಕೊಳ್ಳುವ ರೀತಿ ಬೇರೆ. ಹಾಗಾಗಿ ನಾನು ಯಾವಾಗಲೂ ಬಾಂಡ್‌ಗಳನ್ನು ಅವಧಿ ಪ್ರಕಾರ ಎರಡೋ ಮೂರೋ ಗುಂಪು ಮಾಡಿ, ಒಂದೊಂದು ಗುಂಪಿಗೆ ಅದರದ್ದೇ Δy ಹಾಕಿ, ರೂಪಾಯಿಯಲ್ಲಿ ಉತ್ತರ ತೆಗೆದು ಕೊನೆಗೆ ಕೂಡಿಸುತ್ತೇನೆ. ಐದು ನಿಮಿಷ ಜಾಸ್ತಿ ಹಿಡಿಯುತ್ತದೆ, ಅಷ್ಟೇ.

ಕಾನ್ವೆಕ್ಸಿಟಿ ಸೇರಿಸಿಲ್ಲ, ಅದಕ್ಕೇ ತಪ್ಪಿತು ಎನ್ನುವವರೂ ಇದ್ದಾರೆ. ಮೇಲಿನ ಲೆಕ್ಕ ಮತ್ತೊಮ್ಮೆ ನೋಡಿ. 30 ವರ್ಷದ ಬಾಂಡ್‌ನಲ್ಲೂ 0.20ರ ಬದಲಾವಣೆಗೆ ಕಾನ್ವೆಕ್ಸಿಟಿ ಕೊಟ್ಟದ್ದು 10 ಲಕ್ಷಕ್ಕೆ 500 ರೂಪಾಯಿ. Δy ತಪ್ಪಾದದ್ದರಿಂದ ಹೋದದ್ದು ಲಕ್ಷಗಟ್ಟಲೆ. ಹಾಗಂತ ಕಾನ್ವೆಕ್ಸಿಟಿ ಸುಮ್ನೆ ಅಲಂಕಾರಕ್ಕೆ ಎಂದು ಬಿಡಬೇಡಿ. ಅದನ್ನು Δy ಯ ವರ್ಗದಿಂದ ಗುಣಿಸುತ್ತೇವೆ, ದೊಡ್ಡ ಬದಲಾವಣೆಗೆ ಅದು ದೊಡ್ಡದಾಗುತ್ತದೆ. ಅದೇ 30 ವರ್ಷದ ಯೀಲ್ಡ್ 7ರಿಂದ 9ಕ್ಕೆ ಏರಿದರೆ ಡ್ಯುರೇಶನ್ ಒಂದೇ ನೋಡಿದಾಗ ನಷ್ಟ ಶೇ. 24.9. ಕಾನ್ವೆಕ್ಸಿಟಿ 5.0 ವಾಪಸ್ ಕೊಟ್ಟು 19.9 ಆಗುತ್ತದೆ. ಬೆಲೆಯನ್ನು ಪೂರ್ತಿ ಲೆಕ್ಕ ಹಾಕಿದರೆ ನಿಜವಾದ ನಷ್ಟ ಶೇ. 20.6. ಅಂದರೆ ಕಾನ್ವೆಕ್ಸಿಟಿ ಬಹಳ ಹತ್ತಿರ ತಂದಿತು, ಆದರೆ ನಷ್ಟವನ್ನು ಸ್ವಲ್ಪ ಕಡಿಮೆ ಮಾಡಿ ತೋರಿಸಿತು. ಇಷ್ಟು ದೊಡ್ಡ ಬದಲಾವಣೆಗೆ ಸೂತ್ರ ಬಿಟ್ಟು ಹೊಸ ಯೀಲ್ಡ್‌ನಲ್ಲಿ ಬೆಲೆಯನ್ನೇ ನೇರವಾಗಿ ತೆಗೆಯುವುದು ವಾಸಿ. ಎಕ್ಸೆಲ್‌ನಲ್ಲಿ PRICE ಎಂಬ ಫಂಕ್ಷನ್ ಇದೆಯಲ್ಲ.

ಎಕ್ಸೆಲ್ ಎಂದಾಗ ನೆನಪಾಯಿತು. ಕುಂಬಳೆಯ ಒಬ್ಬ ಹುಡುಗ, ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದವ, ಅಪ್ಪನ ಬಾಂಡ್‌ಗಳಿಗೆ ಶೀಟ್ ಮಾಡಿ ತಂದಿದ್ದ. ಮಾಷ್ಟ್ರ ಅಂಕಿಗಳಲ್ಲೇ ಹೇಳುವುದಾದರೆ, ಶೇ. 1 ಇಳಿಕೆಗೆ ಶೇ. 76 ಲಾಭ ಎಂದು ತೋರಿಸುತ್ತಿತ್ತು! "ಅಣ್ಣಾ, ಇದು ಸರಿಯಾ?" ಎಂದ. ಅವನು Δy ಗೆ 0.01ರ ಬದಲು 1 ಹಾಕಿದ್ದ. ಡ್ಯುರೇಶನ್‌ಗೆ ಅದು ನಡೆದುಹೋಗುತ್ತದೆ, 8.35 ಇಂಟು 1 ಅಂದರೆ ಶೇ. 8.35 ಎಂದೇ ಬರುತ್ತದೆ. ಕಾನ್ವೆಕ್ಸಿಟಿಗೆ ನಡೆಯುವುದಿಲ್ಲ, ಅಲ್ಲಿ ವರ್ಗ ಇರುವುದರಿಂದ 0.68 ಬರಬೇಕಾದ ಕಡೆ 68 ಬರುತ್ತದೆ. ಇನ್ನೊಂದು ಕಡೆಯಿಂದಲೂ ಇದೇ ತೊಂದರೆ ಬರಬಹುದು, ಯಾಕೆಂದರೆ ಕೆಲವು ಸಾಫ್ಟ್‌ವೇರ್‌ಗಳು ಕಾನ್ವೆಕ್ಸಿಟಿಯನ್ನು ನೂರರಿಂದ ಭಾಗಿಸಿ 251ರ ಬದಲು 2.51 ಎಂದು ತೋರಿಸುತ್ತವೆ. ಒಂದು ಪರ್ಸೆಂಟ್ ಬದಲಾವಣೆಗೆ ಮಾಮೂಲಿ ಸರ್ಕಾರಿ ಬಾಂಡ್‌ನಲ್ಲಿ ಕಾನ್ವೆಕ್ಸಿಟಿಯ ಭಾಗ ಡ್ಯುರೇಶನ್ ಭಾಗಕ್ಕಿಂತ ಬಹಳ ಸಣ್ಣದಿರಬೇಕು. ಹಾಗಿಲ್ಲದಿದ್ದರೆ ನೂರರ ಗೊಂದಲ ಎಲ್ಲೋ ಇದೆ, ಹುಡುಕಿ.

ಮಾಷ್ಟ್ರು ಕೇಳಿದ ಇನ್ನೊಂದು ಪ್ರಶ್ನೆ ನ್ಯಾಯವಾದದ್ದು. "ಹಾಗಾದರೆ ನನಗೆ ನಷ್ಟವೇ ಆಯಿತಾ ಮಾರಾಯ್ರೇ?" ಇಲ್ಲ. ಈ ಸೂತ್ರ ಯೀಲ್ಡ್ ದಿಢೀರನೆ ಸರಿದಾಗ ಬೆಲೆ ಎಷ್ಟು ಸರಿಯುತ್ತದೆ ಎಂದಷ್ಟೇ ಹೇಳುತ್ತದೆ. ನಡುವೆ ಬರುವ ಬಡ್ಡಿ ಇದರಲ್ಲಿ ಇಲ್ಲ. ಆರು ತಿಂಗಳಲ್ಲಿ ಅವರಿಗೆ ಒಂದರಿಂದ 32,000, ಇನ್ನೊಂದರಿಂದ 35,000 ಬಡ್ಡಿ ಬಂದಿರುತ್ತದೆ, 3,000ದ ಇಳಿಕೆ ಅದರ ಮುಂದೆ ದೊಡ್ಡದಲ್ಲ. ಮಾರುವ ಯೋಚನೆ ಇಲ್ಲದವರಿಗೆ ಅದು ಕಾಗದದ ಮೇಲಿನ ಲೆಕ್ಕ. ಆದರೆ ಮಗಳ ಮನೆ ಕೆಲಸಕ್ಕೆ ಎರಡು ವರ್ಷದಲ್ಲಿ ಮಾರಬೇಕಾದ ಹಣವನ್ನು 30 ವರ್ಷದ ಬಾಂಡ್‌ನಲ್ಲಿ ಇಟ್ಟವರಿಗೆ ಕಾಗದದ ಲೆಕ್ಕ ಅಲ್ಲ, ಅವರು ಒಮ್ಮೆ ತಮ್ಮ ಸಲಹೆಗಾರರ ಹತ್ತಿರ ಕೂತು ಮಾತಾಡಲಿ.

ಹಲವರ ಪಟ್ಟಿಯಲ್ಲಿ ರಿಸರ್ವ್ ಬ್ಯಾಂಕಿನ ಫ್ಲೋಟಿಂಗ್ ರೇಟ್ ಸೇವಿಂಗ್ಸ್ ಬಾಂಡ್ ಕೂಡ ಇರುತ್ತದೆ. ಅದನ್ನು ಈ ಲೆಕ್ಕದಿಂದ ಹೊರಗಿಡಿ. ಅದರ ಬಡ್ಡಿ ಆರು ತಿಂಗಳಿಗೊಮ್ಮೆ ಹೊಸದಾಗುತ್ತದೆ, ಅದನ್ನು ಮಾರುಕಟ್ಟೆಯಲ್ಲಿ ಮಾರುವ ಹಾಗೂ ಇಲ್ಲ. ಕಂಪನಿ ಅವಧಿಗೆ ಮೊದಲೇ ವಾಪಸ್ ಕೊಂಡುಕೊಳ್ಳಬಹುದಾದ ಕಾಲ್ ಇರುವ ಬಾಂಡ್‌ಗಳಿಗೂ ಈ ಸೂತ್ರವನ್ನು ಹೀಗೇ ಹಚ್ಚಬೇಡಿ, ಯೀಲ್ಡ್ ಇಳಿದಾಗ ಅವುಗಳ ಬೆಲೆ ಸೂತ್ರ ಹೇಳುವಷ್ಟು ಏರುವುದಿಲ್ಲ.

Δy ಎಲ್ಲಿಂದ ತರುವುದು? ಸರ್ಕಾರಿ ಬಾಂಡ್‌ಗಳಿಗೆ ಎಫ್‌ಬಿಐಎಲ್, ಅಂದರೆ ಫೈನಾನ್ಷಿಯಲ್ ಬೆಂಚ್‌ಮಾರ್ಕ್ಸ್ ಇಂಡಿಯಾ ಎಂಬ ಸಂಸ್ಥೆ, ಪ್ರತಿ ವಹಿವಾಟಿನ ದಿನ ಒಂದೊಂದು ಬಾಂಡ್‌ನ ಬೆಲೆ ಮತ್ತು ಯೀಲ್ಡ್ ಪ್ರಕಟಿಸುತ್ತದೆ. ನಿಮ್ಮ ಬಾಂಡ್‌ನ ಸಾಲು ಹುಡುಕಿ, ಹಳೇ ದಿನದ ಯೀಲ್ಡ್ ಮತ್ತು ಇವತ್ತಿನದ್ದು ಬರೆದುಕೊಳ್ಳಿ, ಇವತ್ತಿನದ್ದರಿಂದ ಹಳೆಯದನ್ನು ಕಳೆಯಿರಿ. ಅದೇ ನಿಮ್ಮ Δy. ಆಮೇಲೆ ಸೂತ್ರದ ಉತ್ತರವನ್ನು ಅಲ್ಲಿರುವ ಬೆಲೆಯ ಬದಲಾವಣೆ ಜೊತೆ ಹೋಲಿಸಿ. ಕೆಲವೇ ವಾರಗಳ ಅಂತರದಲ್ಲಿ, ಅರ್ಧ ಪರ್ಸೆಂಟ್ ಒಳಗಿನ ಬದಲಾವಣೆಗೆ ಎರಡೂ ಬಹಳ ಹತ್ತಿರ ಬರಬೇಕು. ಮಾಷ್ಟ್ರು ಈಗ ನೋಟ್‌ಬುಕ್‌ನಲ್ಲಿ ರೆಪೊ ಎಂಬ ಕಾಲಂ ಹೊಡೆದುಹಾಕಿ ಆ ಜಾಗದಲ್ಲಿ ಒಂದೊಂದು ಬಾಂಡ್‌ಗೂ ಬೇರೆ ಬೇರೆ ಯೀಲ್ಡ್ ಕಾಲಂ ಎಳೆದಿದ್ದಾರೆ.