80 ಗ್ರಾಂ ಗೆಜ್ಜೆಗೆ 88 ಗ್ರಾಂ ಬೆಳ್ಳಿಯ ದುಡ್ಡು ಯಾಕೆ?

ಪ್ರಶ್ನೆ: ಪುಣೆಯ ಲಕ್ಷ್ಮೀ ರೋಡಿನಲ್ಲಿ ಮಗಳ ಸೀಮಂತಕ್ಕೆ ಒಂದು ಜೋಡಿ ಕಾಲ್ಗೆಜ್ಜೆ ನೋಡಿದೆವು. ತೂಕ 80 ಗ್ರಾಂ. ಬೋರ್ಡಿನ ದರಕ್ಕೆ ಗುಣಿಸಿದರೆ ಬರುವ ಮೊತ್ತಕ್ಕೂ ಅಂಗಡಿಯವರು ಹೇಳಿದ ಮೊತ್ತಕ್ಕೂ ಸಾವಿರಾರು ರೂಪಾಯಿ ವ್ಯತ್ಯಾಸ. ಮಾಡುವಾಗ ಬೆಳ್ಳಿ ಉದುರಿ ಹಾಳಾಗುತ್ತದೆ, ಅದಕ್ಕೇ ವೇಸ್ಟೇಜ್ ಅಂದರು. ನಿಜವೇ?

ಉತ್ತರ: ಹಬ್ಬ, ಮದುವೆಯ ದಿನಗಳು ಹತ್ತಿರ ಬಂದಾಗಲೆಲ್ಲ ಮುಂಬೈಯಿಂದಲೂ ಪುಣೆಯಿಂದಲೂ ಮಡಗಾಂವಿನಿಂದಲೂ ಇದೇ ಪ್ರಶ್ನೆ ಬರುತ್ತದೆ. ಎಷ್ಟು ಸಲ ಬರೆದರೂ ಆ ‘ಉದುರಿದ ಬೆಳ್ಳಿ’ಯ ಮಾತು ಮಾತ್ರ ಹೋಗುವುದಿಲ್ಲ. ಈ ಸಲ ಅದನ್ನು ಬೇರು ಸಮೇತ ಕಿತ್ತುಬಿಡೋಣ.

ಮೊದಲು ಲೆಕ್ಕ. ಬೆಳ್ಳಿಯ ದರ ಕಿಲೋ ಲೆಕ್ಕದಲ್ಲಿ ಬರುತ್ತದೆ, ಸಾವಿರದಿಂದ ಭಾಗಿಸಿದರೆ ಗ್ರಾಂ ದರ. ಕಿಲೋಗೆ 2,00,000 ಎಂದಿಟ್ಟುಕೊಂಡರೆ ಗ್ರಾಂಗೆ 200 ರೂಪಾಯಿ. ನಿಮ್ಮ ಗೆಜ್ಜೆ 80 ಗ್ರಾಂ, ಆದ್ದರಿಂದ ಬೆಳ್ಳಿಯ ಬೆಲೆ 16,000. ವೇಸ್ಟೇಜ್ 10 ಪರ್ಸೆಂಟ್ ಅಂದರೆ 8 ಗ್ರಾಂ, ಅದಕ್ಕೆ 1,600. ಮಜೂರಿ, ಅಲ್ಲಿಯವರು ಘಡಣಾವಳ ಅನ್ನುವುದು, ಗ್ರಾಂಗೆ 15ರಂತೆ 1,200. ಒಟ್ಟು 18,800. ಇದರ ಮೇಲೆ 3 ಪರ್ಸೆಂಟ್ ಜಿಎಸ್‌ಟಿ 564 ಸೇರಿ ಕೈಯಿಂದ ಹೋಗುವುದು 19,364. ಬಿಲ್ಲಿನಲ್ಲಿ ಇರುವುದು ಇಷ್ಟೇ.

ಒಂದು ಕಡೆ ಮಾತ್ರ ಕಣ್ಣಿಡಿ. ಮಜೂರಿಯನ್ನು ತಕ್ಕಡಿ ತೋರಿಸಿದ 80 ಗ್ರಾಂಗೆ ಹಾಕಿದ್ದಾರೋ, ವೇಸ್ಟೇಜ್ ಕೂಡಿಸಿದ 88 ಗ್ರಾಂಗೆ ಹಾಕಿದ್ದಾರೋ? 88ಕ್ಕೆ ಹಾಕಿದರೆ ಮಜೂರಿ 1,320 ಆಗುತ್ತದೆ. ಇಲ್ಲದ 8 ಗ್ರಾಂಗೆ ಕೂಲಿ ಕೊಟ್ಟಂತೆ.

ಈಗ ವೇಸ್ಟೇಜಿಗೆ ಬರೋಣ. ಗೆಜ್ಜೆ ಮಾಡುವವರು ಬೆಳ್ಳಿ ಕರಗಿಸಿ ಗಟ್ಟಿ ಎರೆಯುತ್ತಾರೆ. ಅದನ್ನು ತೂತಿನ ಉಕ್ಕಿನ ಪಟ್ಟಿಯಲ್ಲಿ ಎಳೆದೆಳೆದು ತಂತಿ ಮಾಡುತ್ತಾರೆ, ತಂತಿ ಸುತ್ತಿ ಕೊಂಡಿ ಕತ್ತರಿಸುತ್ತಾರೆ, ಕೊಂಡಿಗಳನ್ನೂ ಗೆಜ್ಜೆಗಳನ್ನೂ ಬೆಸೆಯುತ್ತಾರೆ, ಅರದಿಂದ ಉಜ್ಜಿ ಆಮೇಲೆ ಪಾಲಿಶ್ ಹಾಕುತ್ತಾರೆ. ಕತ್ತರಿಸುವಾಗ ತುಂಡು ಬೀಳುವುದು ನಿಜ, ಅರ ಹಾಕುವಾಗ ಪುಡಿ ಉದುರುವುದೂ ನಿಜ. ಆದರೆ ಕೆಲಸ ಮಾಡುವವರ ಕೈಯಡಿ ತಟ್ಟೆಯೋ ಚರ್ಮದ ಹಾಸೋ ಇದ್ದೇ ಇರುತ್ತದೆ. ತುಂಡೆಲ್ಲ ಮೂಸೆಗೆ ವಾಪಸ್ಸು. ಪುಡಿಯನ್ನು ಅಯಸ್ಕಾಂತ ಆಡಿಸಿ ಕಬ್ಬಿಣದ ಚೂರು ತೆಗೆದು ಮತ್ತೆ ಕರಗಿಸುತ್ತಾರೆ. ಪಾಲಿಶ್ ಯಂತ್ರದ ಧೂಳನ್ನೂ ಬಿಡುವುದಿಲ್ಲ. ಮುಂಬೈಯ ಝವೇರಿ ಬಜಾರಿನ ಗಲ್ಲಿಗಳಲ್ಲಿ ಕಾರ್ಖಾನೆಗಳ ಕಸವನ್ನೂ ಚರಂಡಿಯ ಹೂಳನ್ನೂ ಗುಡಿಸಿ, ತೊಳೆದು, ಅದರಿಂದ ಚಿನ್ನ ಬೆಳ್ಳಿ ತೆಗೆದು ಜೀವನ ಮಾಡುವವರಿದ್ದಾರೆ. ಕಸಕ್ಕೇ ಬೆಲೆ ಇರುವ ಪೇಟೆಯಲ್ಲಿ ನಿಮ್ಮ ಒಂದು ಜೋಡಿಯಿಂದ 8 ಗ್ರಾಂ ಗಾಳಿಗೆ ಹಾರಿ ಹೋಗಲು ಯಾರು ಬಿಡುತ್ತಾರೆ?

ಇಷ್ಟಕ್ಕೂ ನಂಬಿಕೆ ಬಾರದಿದ್ದರೆ ಅಂಗಡಿಯಲ್ಲೇ ಪರೀಕ್ಷಿಸಿ. ಒಂದೇ ನಮೂನೆಯ ಗೆಜ್ಜೆಗೆ ಒಬ್ಬರು 6 ಪರ್ಸೆಂಟ್ ಹೇಳುತ್ತಾರೆ, ಎದುರಿನ ಅಂಗಡಿಯವರು 12. ಬೆಳ್ಳಿ ಉದುರುವುದು ಅಂಗಡಿ ನೋಡಿಕೊಂಡಲ್ಲ. ಯಂತ್ರದಲ್ಲಿ ಹೆಣೆದ ಚೈನಿಗೆ ಅರದ ಕೆಲಸವೇ ಕಡಿಮೆ, ಆದರೂ ಅದಕ್ಕೂ ಪರ್ಸೆಂಟ್ ಉಂಟು. ಸ್ವಲ್ಪ ಚೌಕಾಸಿ ಮಾಡಿದರೆ 12 ಇದ್ದದ್ದು 9ಕ್ಕೆ ಇಳಿಯುತ್ತದೆ. ನಿಜವಾಗಿ ಕಳೆದುಹೋದ ಬೆಳ್ಳಿ ಚೌಕಾಸಿಗೆ ವಾಪಸ್ಸು ಬರುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ಸಾಕ್ಷಿ ದರದ್ದು. ಬೆಳ್ಳಿ ಗ್ರಾಂಗೆ 100 ಇದ್ದಾಗ ಇದೇ ಗೆಜ್ಜೆಯ 10 ಪರ್ಸೆಂಟ್ ವೇಸ್ಟೇಜ್ 800 ರೂಪಾಯಿ. ದರ 200 ಆದರೆ 1,600. ಅದೇ ತಂತಿ, ಅದೇ ಬೆಸುಗೆ, ಅದೇ ಕೈ. ಮಜೂರಿಯನ್ನು ರೂಪಾಯಿಯಲ್ಲಿ ಹಾಕುವುದರಿಂದ ಅದು 1,200ರಲ್ಲೇ ನಿಂತಿದೆ. ಪರ್ಸೆಂಟ್ ಲೆಕ್ಕದ್ದು ಮಾತ್ರ ಬೆಳ್ಳಿಯ ಹಿಂದೆ ಏರುತ್ತಾ ಹೋಗುತ್ತದೆ. ಆದ್ದರಿಂದ ವೇಸ್ಟೇಜನ್ನು ಮಜೂರಿಯ ಎರಡನೇ ಕಂತು ಎಂದೇ ಓದಿ. ಅದರಲ್ಲಿ ಕುಶಲಕರ್ಮಿಯ ಪಾಲು, ಸಣ್ಣದೊಂದು ನಿಜವಾದ ನಷ್ಟ, ಅಂಗಡಿಯ ಲಾಭ ಎಲ್ಲ ಸೇರಿವೆ. ಕೊಡಬಾರದು ಅಂತಲ್ಲ. ಸಣ್ಣ ಗೆಜ್ಜೆ ಒತ್ತಾಗಿ ಪೋಣಿಸಿದ ಕೈಕೆಲಸಕ್ಕೆ ಕೊಡಲೇಬೇಕು. ಆದರೆ ಎರಡು ಅಂಗಡಿ ಹೋಲಿಸುವಾಗ ವೇಸ್ಟೇಜ್, ಮಜೂರಿ ಎರಡನ್ನೂ ಕೂಡಿಸಿ ತೂಕದಿಂದ ಭಾಗಿಸಿ. ಇಲ್ಲಿ 2,800 ಭಾಗಿಸು 80, ಗ್ರಾಂಗೆ 35 ರೂಪಾಯಿ. ಪಕ್ಕದವರು ವೇಸ್ಟೇಜ್ ಇಲ್ಲ, ಮಜೂರಿ ಗ್ರಾಂಗೆ 30 ಅಂದರೆ, ಕೇಳಲು 15ಕ್ಕಿಂತ ಜಾಸ್ತಿ ಅನ್ನಿಸಿದರೂ ಅಗ್ಗ ಅವರದ್ದೇ.

‘ಮಜೂರಿಯೂ ಇಲ್ಲ, ವೇಸ್ಟೇಜೂ ಇಲ್ಲ’ ಎಂಬ ಬೋರ್ಡ್ ಕಂಡರೆ? ಇದನ್ನು ನೀವು ಕೇಳಿಲ್ಲ, ಆದರೂ ಹೇಳಲೇಬೇಕು, ಯಾಕೆಂದರೆ ದೊಡ್ಡ ಪೆಟ್ಟು ಬೀಳುವುದು ಇಲ್ಲಿ. ಆ ಬೆಳ್ಳಿಯ ಟಂಚ್, ಅಂದರೆ ಶುದ್ಧತೆ, ಎಷ್ಟು ಎಂದು ಕೇಳಿ. 925 ಅಂದರೆ ಸಾವಿರದಲ್ಲಿ 925 ಪಾಲು ಬೆಳ್ಳಿ, ಮಿಕ್ಕದ್ದು ಹೆಚ್ಚಾಗಿ ತಾಮ್ರ. 80 ಗ್ರಾಂ ಗೆಜ್ಜೆಯಲ್ಲಿ 74 ಗ್ರಾಂ ಅಪ್ಪಟ ಬೆಳ್ಳಿ. 70 ಟಂಚಿನದಾದರೆ, ಅಂದರೆ ನೂರರಲ್ಲಿ 70 ಪಾಲು ಮಾತ್ರ ಬೆಳ್ಳಿಯಿದ್ದರೆ, 56 ಗ್ರಾಂ ಅಷ್ಟೇ. ಆದರೂ ತಕ್ಕಡಿ 80 ತೋರಿಸುತ್ತದೆ, ಬಿಲ್ಲು ಅಪ್ಪಟ ಬೆಳ್ಳಿಯ ದರದಲ್ಲೇ 16,000 ಆಗುತ್ತದೆ. 24 ಗ್ರಾಂ ತಾಮ್ರಕ್ಕೆ ಬೆಳ್ಳಿಯ ದರ ಕೊಟ್ಟು 4,800 ರೂಪಾಯಿ ಕಳೆದುಕೊಂಡಿರಿ. ಮನ್ನಾ ಮಾಡಿದ ಮಜೂರಿ, ವೇಸ್ಟೇಜ್ ಎರಡೂ ಸೇರಿದರೂ 2,800 ಅಷ್ಟೇ. ಹೊಸದರಲ್ಲಿ ಕಣ್ಣಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ, ಮೇಲೆ ಬೆಳ್ಳಿಯ ಲೇಪ ಇರುತ್ತದೆ. ಕೆಲವು ತಿಂಗಳು ಹಾಕಿಕೊಂಡ ಮೇಲೆ ಹಿಮ್ಮಡಿಗೆ ತಾಗುವ ಕಡೆ ಲೇಪ ಸವೆದು ಕೆಂಪು ಛಾಯೆ ಇಣುಕುತ್ತದೆ. ಬರೀ ಕಪ್ಪಾದರೆ ಹೆದರಬೇಡಿ, ಒಳ್ಳೆಯ ಬೆಳ್ಳಿಯೂ ಗಾಳಿ ಬೆವರಿಗೆ ಕಪ್ಪಾಗುತ್ತದೆ.

ಒಳ್ಳೆಯ 925 ಗೆಜ್ಜೆಯನ್ನೇ ಅದೇ ದಿನ, ಅದೇ ದರಕ್ಕೆ ವಾಪಸ್ಸು ಕೊಟ್ಟರೂ 19,364 ಸಿಗುವುದಿಲ್ಲ. ಟಂಚಿಗೆ ತಕ್ಕಂತೆ ಹಿಡಿದರೆ 74 ಗ್ರಾಂಗೆ 14,800. ಹೋದ 4,564ರಲ್ಲಿ ತಾಮ್ರದ 6 ಗ್ರಾಂಗೆ 1,200, ವೇಸ್ಟೇಜ್ 1,600, ಮಜೂರಿ 1,200, ತೆರಿಗೆ 564. ಬೆಸುಗೆಗೆ ಬಳಸುವ ಲೋಹದ ಟಂಚ್ ಕಡಿಮೆ. ನೂರಾರು ಕೊಂಡಿಯ ಗೆಜ್ಜೆ ಕರಗಿಸಿದಾಗ ಒಟ್ಟು ಟಂಚ್ ಇಳಿದರೆ ಇನ್ನಷ್ಟು ಕಡಿತ ಮಾಡುತ್ತಾರೆ. ಮೀನಾ ಬಣ್ಣ, ಕಲ್ಲು ಇದ್ದರೆ ಅವುಗಳ ತೂಕವೂ ಕಳೆಯುತ್ತದೆ. ಕೊಳ್ಳುವಾಗ ಅವನ್ನೂ ಬೆಳ್ಳಿಯ ದರದಲ್ಲೇ ತೂಗಿರುತ್ತಾರೆ, ಆದ್ದರಿಂದ ಹೊಳೆಯುವ ಕಲ್ಲಿನ ನಮೂನೆ ಬೇಕೆಂದರೆ ಕಲ್ಲಿನ ತೂಕ ಬೇರೆ ಮಾಡಿಸಿ.

ಬೆಳ್ಳಿಗೆ ಹಾಲ್‌ಮಾರ್ಕ್ ಕಡ್ಡಾಯವಲ್ಲ, ಆದರೆ 2025ರ ಸೆಪ್ಟೆಂಬರ್ 1ರಿಂದ ಹಾಲ್‌ಮಾರ್ಕ್ ಮಾಡಿದ ಬೆಳ್ಳಿಗೂ ಎಚ್‌ಯುಐಡಿ, ಅಂದರೆ ಒಂದೊಂದು ಒಡವೆಗೂ ಬೇರೆಬೇರೆಯಾದ ಗುರುತಿನ ಸಂಖ್ಯೆ, ಬಂದಿದೆ. ಅದನ್ನು ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿ ನೋಡಬಹುದು. ಹಾಲ್‌ಮಾರ್ಕ್ ಇಲ್ಲದ ಗೆಜ್ಜೆ ಕೊಳ್ಳುವುದಾದರೆ, ಟಂಚ್ ಎಷ್ಟು, ವಾಪಸ್ಸು ಕೊಟ್ಟಾಗ ಯಾವ ಟಂಚಿಗೆ ಹಿಡಿಯುತ್ತಾರೆ ಎಂಬ ಎರಡು ಸಂಖ್ಯೆಗಳನ್ನು ಬಿಲ್ಲಿನ ಮೇಲೇ ಬರೆಸಿಕೊಳ್ಳಿ. ಬರೆದುಕೊಡಲು ಒಪ್ಪದ ಅಂಗಡಿಯಲ್ಲಿ ವೇಸ್ಟೇಜ್ ಎಷ್ಟೇ ಕಡಿಮೆ ಇದ್ದರೂ ಕೊಳ್ಳಬೇಡಿ.