ಮಾಹಿತಿ ಹಕ್ಕು ಅರ್ಜಿಯ ಕರಡು ತಿದ್ದುವುದು: ಒಂದು ರಸ್ತೆಯ ಅರ್ಜಿಯ ಮೂಲಕ ಟಿಪ್ಪಣಿ

ಮಾಹಿತಿ ಹಕ್ಕು ಅರ್ಜಿಯ ಕರಡನ್ನು ತಿದ್ದುವಾಗ ಕಾಗುಣಿತ ಕೊನೆಗೆ ಬರಬೇಕು. ಮೊದಲು ನೋಡಬೇಕಾದದ್ದು ಇಷ್ಟೇ: ಈ ಪ್ರಶ್ನೆಗೆ ಉತ್ತರವಾಗಿ ಅಧಿಕಾರಿ ಯಾವ ಕಡತವನ್ನು ಕೈಗೆತ್ತಿಕೊಳ್ಳಬೇಕು? ಅದು ಓದುವವರಿಗೆ ಹೊಳೆಯದಿದ್ದರೆ ವಾಕ್ಯ ಎಷ್ಟೇ ಶುದ್ಧವಾಗಿದ್ದರೂ ಅರ್ಜಿ ಇನ್ನೂ ಸಿದ್ಧವಾಗಿಲ್ಲ. ನಮ್ಮ ಚಿಕ್ಕಪ್ಪ ಬರೆದಿದ್ದ ಕರಡಿನಲ್ಲಿ ಇದನ್ನು ನಾನು ಸ್ಪಷ್ಟವಾಗಿ ಕಂಡೆ. ಅದನ್ನೇ ಮುಂದಿಟ್ಟುಕೊಂಡು ವಿವರಿಸುತ್ತೇನೆ.

ಕರಡು ಹೀಗಿತ್ತು:

"ಸಂಬಂಧಪಟ್ಟ ಅಧಿಕಾರಿಗಳು, ಗ್ರಾಮ ಪಂಚಾಯಿತಿ, ಇವರಿಗೆ. ಕಳೆದ ವರ್ಷ ನಮ್ಮ ಊರಿನ ರಸ್ತೆಗೆ ಬಂದ ಹಣವನ್ನು ಏನು ಮಾಡಿದಿರಿ? ಹಾಕಿದ ಡಾಂಬರು ಆರೇ ತಿಂಗಳಲ್ಲಿ ಕಿತ್ತುಹೋಗಿದ್ದು ಏಕೆ? ಗುತ್ತಿಗೆದಾರನ ಮೇಲೆ ಏಕೆ ಕ್ರಮ ಕೈಗೊಂಡಿಲ್ಲ? ಅಂದಾಜು ಪಟ್ಟಿ ಅಥವಾ ಅಳತೆ ಪುಸ್ತಕ ಹಾಗೂ ಅದರ ಎಲ್ಲ ದಾಖಲೆಗಳನ್ನು ದಯಪಾಲಿಸಬೇಕೆಂದು ಬೇಡಿಕೊಳ್ಳುತ್ತೇನೆ."

ಕೋಪ ನ್ಯಾಯವಾದದ್ದೇ. ಆದರೆ ಇದರಲ್ಲಿ ಮೊದಲ ಮೂರು ಪ್ರಶ್ನೆಗಳಿಗೆ ಉತ್ತರ ಸಿಗುವುದು ಕಷ್ಟ. 2005ರ ಮಾಹಿತಿ ಹಕ್ಕು ಕಾಯ್ದೆ ಕೊಡಿಸುವುದು ಕಚೇರಿಯಲ್ಲಿ ಈಗಾಗಲೇ ದಾಖಲೆಯ ರೂಪದಲ್ಲಿ ಇರುವ ಮಾಹಿತಿಯನ್ನು. ಇಲ್ಲದ ವಿವರಣೆಯನ್ನು ಹೊಸದಾಗಿ ಬರೆದುಕೊಡುವ ಅಥವಾ ಅಭಿಪ್ರಾಯ ಹೇಳುವ ಹೊಣೆ ಅಧಿಕಾರಿಗಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಸಿ.ಬಿ.ಎಸ್.ಇ. ಉತ್ತರ ಪತ್ರಿಕೆಗಳ ಪ್ರಕರಣದಲ್ಲಿ ಹೇಳಿದೆ. ಆದ್ದರಿಂದ "ಏಕೆ" ಎಂದು ಕೇಳಿದರೆ "ಇದು ಮಾಹಿತಿಯ ವ್ಯಾಪ್ತಿಗೆ ಬರುವುದಿಲ್ಲ" ಎಂಬ ಒಂದು ಸಾಲಿನ ಹಿಂಬರಹ ಬರುತ್ತದೆ. ಅದರ ವಿರುದ್ಧ ಮೇಲ್ಮನವಿಗೆ ಹೋದರೂ ಕೈಹಿಡಿಯುವ ಆಧಾರ ಇರುವುದಿಲ್ಲ.

ಹಾಗೆಂದು "ಏಕೆ" ಎಂಬುದನ್ನು ಸುಮ್ಮನೆ ಹೊಡೆದುಹಾಕಬೇಡಿ. ಪ್ರತಿಯೊಂದು "ಏಕೆ"ಯ ಹಿಂದೆಯೂ ಒಂದು ಕಾಗದ ಇರುತ್ತದೆ, ಅದನ್ನು ಹುಡುಕಿ. ಡಾಂಬರು ಏಕೆ ಕಿತ್ತುಹೋಯಿತು ಎಂಬುದಕ್ಕೆ ಗುಣಮಟ್ಟ ಪರೀಕ್ಷಾ ವರದಿ ಇದೆ. ಅಂದಾಜು ಪಟ್ಟಿಯಲ್ಲಿ ಬರೆದ ದಪ್ಪವನ್ನೂ ಅಳತೆ ಪುಸ್ತಕದಲ್ಲಿ ದಾಖಲಾದ ದಪ್ಪವನ್ನೂ ಅಕ್ಕಪಕ್ಕ ಇಟ್ಟರೆ ಅರ್ಧ ಉತ್ತರ ಅಲ್ಲಿಯೇ ಸಿಗುತ್ತದೆ. ಗುತ್ತಿಗೆದಾರನ ಮೇಲೆ ಏಕೆ ಕ್ರಮ ಇಲ್ಲ ಎಂಬುದಕ್ಕೆ ಕರಾರು ಪತ್ರ ಇದೆ. ಕೆಲಸ ಮುಗಿದ ಮೇಲೂ ದೋಷ ಕಂಡರೆ ಅವನೇ ಸರಿಪಡಿಸಬೇಕಾದ ಅವಧಿಯನ್ನು ಅದರಲ್ಲಿ ನಮೂದಿಸಿರುತ್ತಾರೆ. ಆ ಅವಧಿಯಲ್ಲಿ ಅವನಿಗೆ ಕೊಟ್ಟ ನೋಟಿಸಿನ ಪ್ರತಿಯನ್ನು ಕೇಳಿ. ಜೊತೆಗೆ "ನೋಟಿಸ್ ನೀಡಿಲ್ಲದಿದ್ದರೆ ಹಾಗೆಂದು ಲಿಖಿತವಾಗಿ ತಿಳಿಸುವುದು" ಎಂದು ಸೇರಿಸಿ. ಆರೋಪ ಮಾಡುವುದಕ್ಕಿಂತ ಈ ಒಂದು ಸಾಲು ಹೆಚ್ಚು ಕೆಲಸ ಮಾಡುತ್ತದೆ.

ಇನ್ನು ಸಣ್ಣ ಪದಗಳು. ಕರಡಿನ ನಿಜವಾದ ಬಿರುಕುಗಳು ಇಲ್ಲಿಯೇ ಇದ್ದವು. "ಅಂದಾಜು ಪಟ್ಟಿ ಅಥವಾ ಅಳತೆ ಪುಸ್ತಕ" ಎಂದು ಬರೆದರೆ ಅಧಿಕಾರಿ ಎರಡರಲ್ಲಿ ಒಂದನ್ನು ಕೊಟ್ಟು ಅರ್ಜಿ ವಿಲೇವಾರಿ ಮಾಡಬಹುದು, ಅದು ತಪ್ಪೂ ಆಗುವುದಿಲ್ಲ. ಎರಡೂ ಬೇಕಿದ್ದರೆ "ಮತ್ತು" ಎನ್ನಬೇಕು, ಅದಕ್ಕಿಂತ ಒಳ್ಳೆಯದು ಎರಡು ಕ್ರಮಸಂಖ್ಯೆಗಳಲ್ಲಿ ಬೇರೆ ಬೇರೆಯಾಗಿ ಬರೆಯುವುದು. "ಅದರ ಎಲ್ಲ ದಾಖಲೆಗಳು" ಎಂಬಲ್ಲಿ "ಅದರ" ಎಂದರೆ ರಸ್ತೆಯದೋ, ಹಣದ್ದೋ, ಪುಸ್ತಕದ್ದೋ ತಿಳಿಯದು. "ಪ್ರತಿ" ಎಂಬ ಪದವೂ ಮೋಸ ಮಾಡುತ್ತದೆ. "ಪ್ರತಿ ಬಿಲ್" ಎಂದರೆ ಒಂದೊಂದು ಬಿಲ್, "ಬಿಲ್‌ನ ಪ್ರತಿ" ಎಂದರೆ ನಕಲು. "ಎಲ್ಲ ಬಿಲ್‌ಗಳ ದೃಢೀಕೃತ ಪ್ರತಿಗಳು" ಎಂದು ಬರೆದರೆ ಗೊಂದಲವಿಲ್ಲ. "ಕಳೆದ ವರ್ಷ" ಎಂಬುದು ಜನವರಿಯಿಂದ ಲೆಕ್ಕವೋ ಏಪ್ರಿಲ್‌ನಿಂದಲೋ? ಕಚೇರಿಯ ಕಡತಗಳು ಆರ್ಥಿಕ ಸಾಲಿನ ಪ್ರಕಾರ ಇರುತ್ತವೆ, ಹಾಗಾಗಿ "2023-24ನೇ ಸಾಲಿನಲ್ಲಿ, ಅಂದರೆ 1-4-2023ರಿಂದ 31-3-2024ರವರೆಗೆ" ಎಂದು ಬಿಡಿಸಿ ಬರೆಯಬೇಕು. "ನಮ್ಮ ಊರಿನ ರಸ್ತೆ" ಎಂಬುದೂ ಸಾಲದು. ಎಲ್ಲಿಂದ ಎಲ್ಲಿಯವರೆಗೆ ಎಂಬುದು ಬೇಕು: ಬಸ್ ನಿಲ್ದಾಣದಿಂದ ಸರ್ಕಾರಿ ಶಾಲೆಯವರೆಗೆ, ಹೀಗೆ.

ಕಚೇರಿಯ ಹೆಸರಿನ ವಿಷಯಕ್ಕೆ ಬಂದಾಗ ನಾನು ಕೇಳಿದೆ: "ಚಿಕ್ಕಪ್ಪ, ಈ ರಸ್ತೆಯನ್ನು ಮಾಡಿಸಿದ್ದು ಪಂಚಾಯಿತಿಯೇ?"

"ಊರೊಳಗಿನ ರಸ್ತೆ ಕಣಪ್ಪ, ಪಂಚಾಯಿತಿಯದಲ್ಲದೆ ಇನ್ನಾರದು?"

ಇಬ್ಬರೂ ನಡೆದುಹೋಗಿ ನೋಡಿದೆವು. ರಸ್ತೆ ಆರಂಭವಾಗುವ ಕಡೆ, ಹುಣಸೆ ಮರದ ಬುಡದಲ್ಲಿ, ಸಿಮೆಂಟಿನ ಕಾಮಗಾರಿ ಫಲಕ ಇತ್ತು. ಬಣ್ಣ ಅರ್ಧ ಉದುರಿತ್ತು, ಆದರೂ ಕಾಮಗಾರಿಯ ಹೆಸರು, ಅಂದಾಜು ಮೊತ್ತ ಮತ್ತು ಕೆಳಗೆ "ಪಂಚಾಯತ್ ರಾಜ್ ಎಂಜಿನಿಯರಿಂಗ್ ಉಪವಿಭಾಗ" ಎಂಬುದನ್ನು ಓದಬಹುದಿತ್ತು. ಒಂದೇ ಊರಿನ ರಸ್ತೆಗಳಲ್ಲಿ ಒಂದನ್ನು ಪಂಚಾಯಿತಿ, ಇನ್ನೊಂದನ್ನು ಈ ಉಪವಿಭಾಗ, ಮತ್ತೊಂದನ್ನು ಲೋಕೋಪಯೋಗಿ ಇಲಾಖೆ ಮಾಡಿಸಿರುವುದು ಸಾಮಾನ್ಯ. ಫಲಕದ ಮೇಲಿನ ಕಾಮಗಾರಿಯ ಹೆಸರನ್ನು ಅಕ್ಷರ ಬದಲಿಸದೆ ಅರ್ಜಿಗೆ ಇಳಿಸಿಕೊಳ್ಳಿ, ಏಕೆಂದರೆ ಕಡತದ ಮೇಲೂ ಅದೇ ಹೆಸರು ಇರುತ್ತದೆ.

ತಪ್ಪು ಕಚೇರಿಗೆ ಹೋದ ಅರ್ಜಿಯನ್ನು ಕಾಯ್ದೆಯ 6(3)ನೇ ಕಲಂ ಪ್ರಕಾರ ಐದು ದಿನಗಳೊಳಗೆ ಸರಿಯಾದ ಕಚೇರಿಗೆ ವರ್ಗಾಯಿಸಿ ಅರ್ಜಿದಾರರಿಗೆ ತಿಳಿಸಬೇಕು. ಆದ್ದರಿಂದ ಹೆಸರು ತಪ್ಪಾದರೆ ಅರ್ಜಿಯೇ ಸತ್ತುಹೋಗುವುದಿಲ್ಲ. ಆದರೆ ಆ ವರ್ಗಾವಣೆಯನ್ನು ನಂಬಿ ಕುಳಿತುಕೊಳ್ಳುವುದು ಬೇಡ. ಸರಿಯಾದ ಪದನಾಮ ಕಂಡುಕೊಳ್ಳುವ ದಾರಿ ಸುಲಭ: ಪ್ರತಿ ಕಚೇರಿಯೂ ತನ್ನ ಮಾಹಿತಿ ಅಧಿಕಾರಿಗಳ ಹೆಸರು, ಪದನಾಮಗಳನ್ನು ತಾನಾಗಿಯೇ ಪ್ರಕಟಿಸಬೇಕೆಂದು 4(1)(ಬಿ) ಕಲಂ ಹೇಳುತ್ತದೆ. ಕಚೇರಿಯ ಫಲಕದಲ್ಲಿ ಇಲ್ಲವೇ ಇಲಾಖೆಯ ಜಾಲತಾಣದಲ್ಲಿ ನೋಡಿಕೊಳ್ಳಬಹುದು.

ವಿಳಾಸದಲ್ಲಿ ವ್ಯಕ್ತಿಯ ಹೆಸರು ಬೇಡ. ಅಧಿಕಾರಿ ವರ್ಗವಾದರೂ ಹುದ್ದೆ ಅಲ್ಲಿಯೇ ಇರುತ್ತದೆ. "ಸಾರ್ವಜನಿಕ ಮಾಹಿತಿ ಅಧಿಕಾರಿಗಳು, ಪಂಚಾಯತ್ ರಾಜ್ ಎಂಜಿನಿಯರಿಂಗ್ ಉಪವಿಭಾಗ" ಎಂದು ಬರೆದು, ತಾಲ್ಲೂಕು ಮತ್ತು ಜಿಲ್ಲೆಯ ಹೆಸರು ಸೇರಿಸಿ, "ಇವರಿಗೆ" ಎಂದು ಮುಗಿಸಿದರೆ ಸಾಕು. ಮೇಲೆ "ಗೆ" ಎಂದೂ ಕೆಳಗೆ "ಇವರಿಗೆ" ಎಂದೂ ಎರಡು ಬಾರಿ ಚತುರ್ಥಿ ಹಾಕುವುದು ನಮ್ಮಲ್ಲಿ ಬಹಳ ಕಾಣುವ ತಪ್ಪು. ಸಂಬೋಧನೆಗೆ "ಮಾನ್ಯರೇ" ಸರಿಯಾದ ಪದ. "ಸನ್ಮಾನ್ಯ", "ಪೂಜ್ಯ" ಯಾವುದೂ ಬೇಡ. "ದಯಪಾಲಿಸಿ", "ಬೇಡಿಕೊಳ್ಳುತ್ತೇನೆ" ಎಂಬುವನ್ನು ನಾನು ಖಂಡಿತ ಹೊಡೆಯುತ್ತೇನೆ. ಹಕ್ಕನ್ನು ಕೇಳುವಾಗ "ಒದಗಿಸಬೇಕೆಂದು ಕೋರುತ್ತೇನೆ" ಎನ್ನುವುದರಲ್ಲಿ ವಿನಯವೂ ಇದೆ, ನೇರ ನಿಲುವೂ ಇದೆ. "ಏನು ಮಾಡಿದಿರಿ" ಎಂದು ಎದುರಿಗಿರುವವರನ್ನು ಗದರುವುದೂ ಬೇಡ, ಆ ಕುರ್ಚಿಯಲ್ಲಿ ಈಗ ಇರುವವರು ಆಗ ಇದ್ದವರೇ ಆಗಿರಬೇಕಿಲ್ಲ.

ತಿದ್ದಿದ ಮೇಲೆ ಪ್ರಶ್ನೆಯ ಭಾಗ ಹೀಗಾಯಿತು:

"ಮೇಲೆ ಹೆಸರಿಸಿದ ಕಾಮಗಾರಿಗೆ ಸಂಬಂಧಿಸಿದ ಈ ದಾಖಲೆಗಳ ದೃಢೀಕೃತ ಪ್ರತಿಗಳನ್ನು ಒದಗಿಸಬೇಕೆಂದು ಕೋರುತ್ತೇನೆ.
1. ಮಂಜೂರಾದ ಅಂದಾಜು ಪಟ್ಟಿ.
2. ಕಾರ್ಯಾದೇಶ ಮತ್ತು ಕರಾರು ಪತ್ರ.
3. ಅಳತೆ ಪುಸ್ತಕದ ಸಂಬಂಧಿತ ಪುಟಗಳು.
4. ಪಾವತಿಸಿದ ಎಲ್ಲ ಬಿಲ್‌ಗಳು.
5. ಗುಣಮಟ್ಟ ಪರೀಕ್ಷಾ ವರದಿ.
6. ಕೆಲಸ ಮುಗಿದ ನಂತರ ಗುತ್ತಿಗೆದಾರರಿಗೆ ನೀಡಿದ ನೋಟಿಸ್‌ಗಳು. ನೀಡಿಲ್ಲದಿದ್ದರೆ ಹಾಗೆಂದು ಲಿಖಿತವಾಗಿ ತಿಳಿಸುವುದು."

ಮಾಹಿತಿ ಏಕೆ ಬೇಕು ಎಂದು ಚಿಕ್ಕಪ್ಪ ಬೇರೊಂದು ಹಾಳೆಯಲ್ಲಿ ಅರ್ಧ ಪುಟ ಬರೆದಿಟ್ಟಿದ್ದರು. 6(2)ನೇ ಕಲಂ ಪ್ರಕಾರ ಕಾರಣ ಹೇಳಬೇಕಾಗಿಲ್ಲ, ಆದ್ದರಿಂದ ಅದನ್ನು ಅರ್ಜಿಗೆ ಸೇರಿಸಲಿಲ್ಲ. ಕರ್ನಾಟಕದ ನಿಯಮಗಳಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದಗಳ ಮಿತಿ ಎಂದೂ ಇದೆ. ಹಾಗಾಗಿ ಬೀದಿದೀಪದ ಪ್ರಶ್ನೆ ಈ ಅರ್ಜಿಗೆ ಸೇರದು, ಅದಕ್ಕೆ ಇನ್ನೊಂದು ಅರ್ಜಿ, ಇನ್ನೊಂದು 10 ರೂಪಾಯಿ ಶುಲ್ಕ. ಶುಲ್ಕಕ್ಕೆ ಪೋಸ್ಟಲ್ ಆರ್ಡರ್ ಲಗತ್ತಿಸುವುದಾದರೆ ಅದರ ಮೇಲಿನ ಪದನಾಮವನ್ನೂ ಅರ್ಜಿಯ ಪದನಾಮದೊಂದಿಗೆ ಒಂದು ಬಾರಿ ತಾಳೆ ನೋಡಿ. ಕೊನೆಗೆ ಅರ್ಜಿಯ ಇನ್ನೊಂದು ಪ್ರತಿಯ ಮೇಲೆ ಕಚೇರಿಯ ಸ್ವೀಕೃತಿ ಮೊಹರು ಮತ್ತು ದಿನಾಂಕ ಹಾಕಿಸಿಕೊಳ್ಳಿ, ಉತ್ತರಕ್ಕೆ ಕಾಯ್ದೆ ಕೊಟ್ಟಿರುವ 30 ದಿನಗಳನ್ನು ಆ ದಿನಾಂಕದಿಂದಲೇ ಎಣಿಸಬೇಕು.