ಕೊಲ್ಯಾಬ್‌ಗೆ ಮೊದಲು: ಎರಡು ಚಾನೆಲ್‌ಗಳನ್ನೂ ನೋಡುವವರು ಎಷ್ಟು ಜನ?

ಯೂಟ್ಯೂಬ್‌ನಲ್ಲಿ ಇಬ್ಬರು ಸೇರಿ ವಿಡಿಯೋ ಮಾಡುವ ಮಾತು ಬಂದಾಗ ಎಲ್ಲರೂ ಮೊದಲು ನೋಡುವುದು ಸಬ್‌ಸ್ಕ್ರೈಬರ್ ಸಂಖ್ಯೆ. ಆದರೆ ಬೇಕಾದ ಉತ್ತರ ಅಲ್ಲಿಲ್ಲ. ಆ ಚಾನೆಲ್ ನೋಡುವವರಲ್ಲಿ ಎಷ್ಟು ಮಂದಿ ಈಗಾಗಲೇ ನಮ್ಮನ್ನೂ ನೋಡುತ್ತಿದ್ದಾರೆ? ಇದನ್ನು ಅಂದಾಜು ಮಾಡುವುದು ಹೇಗೆ ಅಂತ ಈ ಟಿಪ್ಪಣಿ.

ಶುರು ಮಾಡಬೇಕಾದ ಜಾಗ ಯೂಟ್ಯೂಬ್ ಸ್ಟುಡಿಯೋ. ಅಲ್ಲಿ Analytics ಒಳಗೆ Audience ಟ್ಯಾಬ್‌ನಲ್ಲಿ Channels your audience watches ಎಂಬ ಪಟ್ಟಿ ಇರುತ್ತದೆ. ನಮ್ಮ ನೋಡುಗರು ಕಳೆದ 28 ದಿನಗಳಲ್ಲಿ ಬಿಡದೆ ನೋಡಿದ ಬೇರೆ ಚಾನೆಲ್‌ಗಳ ಹೆಸರು ಅದರಲ್ಲಿ ಬರುತ್ತವೆ. ಚಾನೆಲ್ ತೀರಾ ಚಿಕ್ಕದಿದ್ದರೆ ಸಾಕಷ್ಟು ಡೇಟಾ ಇಲ್ಲ ಎಂದು ಪಟ್ಟಿ ಖಾಲಿ ಇರುತ್ತದೆ. ಇನ್ನೊಂದು ತೊಡಕು ಎಂದರೆ, ಇಲ್ಲಿ ಹೆಸರುಗಳಿವೆ, ಅಂಕಿಗಳಿಲ್ಲ. ಪಟ್ಟಿಯಲ್ಲಿರುವ ಚಾನೆಲ್ಲನ್ನು ನಮ್ಮವರಲ್ಲಿ ಶೇಕಡಾ 40 ಜನ ನೋಡುತ್ತಾರೋ, ಶೇಕಡಾ 5 ಜನವೋ, ಅದು ಹೇಳುವುದಿಲ್ಲ.

ಹಾಗಾಗಿ ಈ ಪಟ್ಟಿಯನ್ನು ಎರಡೂ ಕಡೆಯಿಂದ ತರಿಸಿಕೊಳ್ಳಬೇಕು. ನಮ್ಮದು ನಮಗೆ ಕಾಣುತ್ತದೆ, ಅವರದು ಅವರಿಗೆ ಮಾತ್ರ. ಒಂದೇ ದಿನ ಇಬ್ಬರೂ ಸ್ಕ್ರೀನ್‌ಶಾಟ್ ತೆಗೆದು ಹಂಚಿಕೊಂಡರೆ ಒಳ್ಳೆಯದು. ಬೇರೆ ಬೇರೆ ವಾರದ ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟರೆ ಹೋಲಿಕೆ ಕೆಡುತ್ತದೆ.

ಈಗ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಅಂಕಿಗಳು ಲೆಕ್ಕಕ್ಕಾಗಿ ಊಹಿಸಿಕೊಂಡವು. ನಮ್ಮದು ಒಂದು ಕನ್ನಡ ಅಡುಗೆ ಚಾನೆಲ್. 28 ದಿನಗಳ Unique viewers, ಅಂದರೆ ಆ ಅವಧಿಯಲ್ಲಿ ನೋಡಿದ ಬೇರೆ ಬೇರೆ ಜನರ ಸಂಖ್ಯೆ, 60,000. ಕೊಲ್ಯಾಬ್‌ಗೆ ಒಪ್ಪಿರುವುದು ತಾರಸಿ ಕೈತೋಟದ ಚಾನೆಲ್, ಅವರ Unique viewers 2,40,000. ನಮ್ಮ ಪಟ್ಟಿಯಲ್ಲಿ ಕೈತೋಟದವರ ಹೆಸರಿದೆ. ಅವರ ಪಟ್ಟಿಯಲ್ಲಿ ನಮ್ಮ ಹೆಸರಿಲ್ಲ.

ಇದನ್ನು ನೋಡಿ "ಅವರ ಕಡೆಯವರು ನಮ್ಮನ್ನು ನೋಡುವುದೇ ಇಲ್ಲ" ಅಂದುಕೊಳ್ಳಬಾರದು. ಇಬ್ಬರನ್ನೂ ನೋಡುವವರು 12,000 ಜನ ಇದ್ದಾರೆ ಎನ್ನೋಣ. ನಮ್ಮ 60,000ದಲ್ಲಿ ಅದು ಶೇಕಡಾ 20. ಅವರ 2,40,000ದಲ್ಲಿ ಅದೇ ಜನ ಬರೀ ಶೇಕಡಾ 5. ಜನ ಅವರೇ, ಪಾಲು ಮಾತ್ರ ಬೇರೆ. ದೊಡ್ಡ ಚಾನೆಲ್‌ನ ಪಟ್ಟಿಯಲ್ಲಿ ನ್ಯೂಸ್, ಧಾರಾವಾಹಿ, ಕಾಮಿಡಿ ಚಾನೆಲ್‌ಗಳಂಥ ಎಲ್ಲರೂ ನೋಡುವ ಹೆಸರುಗಳು ಜಾಗ ತುಂಬಿಬಿಡುತ್ತವೆ. ಶೇಕಡಾ 5ರ ಚಾನೆಲ್ ಅಲ್ಲಿ ಮೇಲೆ ಬರುವುದು ಕಷ್ಟ. ಆದ್ದರಿಂದ ಓವರ್‌ಲ್ಯಾಪ್ ಅಂದಾಗಲೆಲ್ಲ ಎರಡು ಶೇಕಡಾವಾರು ಬರೆದಿಡಿ: ನಮ್ಮವರಲ್ಲಿ ಎಷ್ಟು, ಅವರವರಲ್ಲಿ ಎಷ್ಟು. ನಮಗೆ ಹೊಸಬರು ಸಿಗುತ್ತಾರಾ ಅಂತ ತಿಳಿಯಲು ನೋಡಬೇಕಾದದ್ದು ಎರಡನೆಯದನ್ನು. ಮೊದಲನೆಯದು ಅವರಿಗೆ ಬೇಕಾದ ಸಂಖ್ಯೆ.

ಸರಿ, ಆ 12,000 ಎಲ್ಲಿಂದ ಬರಬೇಕು? ರಿಪೋರ್ಟ್ ಕೊಡುವುದಿಲ್ಲ. ಇಲ್ಲಿ ಕೈಗೆಟುಕುವ ಎರಡನೇ ಆಧಾರ ಕಾಮೆಂಟ್‌ಗಳು. ಎರಡೂ ಚಾನೆಲ್‌ಗಳ ಕಳೆದ 28 ದಿನಗಳ ಕಾಮೆಂಟ್‌ಗಳನ್ನು ಪ್ರೋಗ್ರಾಂ ಬರೆದು ಮಾಹಿತಿ ತೆಗೆಯಲು ಇರುವ ಯೂಟ್ಯೂಬ್ ಡೇಟಾ ಎಪಿಐ ಮೂಲಕ ಇಳಿಸಿಕೊಂಡು, ಎರಡೂ ಕಡೆ ಬರೆದವರನ್ನು ಎಣಿಸಬಹುದು. ಎಣಿಸುವಾಗ ಹೆಸರು ನೋಡಬೇಡಿ. ಬರೆದವರು ಅದನ್ನು ಬದಲಾಯಿಸಬಹುದು. ಪ್ರತಿ ಕಾಮೆಂಟ್ ಜೊತೆ ಬರುವ `authorChannelId` ಬಳಸಿ. ಚಾನೆಲ್ ಮಾಲೀಕರದ್ದೇ ಉತ್ತರಗಳನ್ನು ಮೊದಲೇ ತೆಗೆದುಬಿಡಿ.

ನಮ್ಮಲ್ಲಿ ಕಾಮೆಂಟ್ ಬರೆದವರು 900 ಜನ, ಕೈತೋಟದಲ್ಲಿ 2,400, ಎರಡೂ ಕಡೆ ಸಿಕ್ಕವರು 27 ಅನ್ನೋಣ. 900ರಲ್ಲಿ 27 ಅಂದರೆ ಶೇಕಡಾ 3. ಈ ಶೇಕಡಾ 3ನ್ನೇ ಓವರ್‌ಲ್ಯಾಪ್ ಅಂತ ಬರೆದುಕೊಳ್ಳುವುದು ಇಲ್ಲಿ ಆಗುವ ದೊಡ್ಡ ತಪ್ಪು. ಎಣಿಕೆಗೆ ಸಿಗಬೇಕಾದರೆ ಒಬ್ಬರು ಎರಡೂ ಕಡೆ ನೋಡಿದರೆ ಸಾಲದು, ಎರಡೂ ಕಡೆ ಬರೆದಿರಬೇಕು. ಸುಮ್ನೆ ನೋಡಿ ಹೋದವರು ಲೆಕ್ಕದಿಂದಲೇ ಹೊರಗೆ. ಅಂದರೆ ನಮ್ಮ ಕಾಮೆಂಟ್ ಬಳಗದ ಮಟ್ಟಿಗೆ ಶೇಕಡಾ 3 ಕನಿಷ್ಠ ಸಂಖ್ಯೆ.

ಹಾಗಾದರೆ ಅದನ್ನು ಹಿಗ್ಗಿಸಬೇಕು, ಅಲ್ವಾ? ಎಷ್ಟು? ಕೈತೋಟ ನೋಡುವವರಲ್ಲಿ ಬರೆಯುವವರು 2,40,000ಕ್ಕೆ 2,400, ಅಂದರೆ ನೂರಕ್ಕೆ ಒಬ್ಬರು. ನಮ್ಮ 900 ಜನರೂ ಅಲ್ಲಿ ಅದೇ ದರದಲ್ಲಿ ಬರೆಯುತ್ತಾರೆ ಎಂದು ಹಿಡಿದರೆ 3ನ್ನು ನೂರರಿಂದ ಗುಣಿಸಬೇಕಾಗುತ್ತದೆ. ಶೇಕಡಾ 300 ಬರುತ್ತದೆ, ಅದು ಸಾಧ್ಯವೇ ಇಲ್ಲ. ಈ ಅಸಾಧ್ಯ ಉತ್ತರವೇ ಒಂದು ಸಂಗತಿ ಹೇಳುತ್ತದೆ: ಒಂದು ಕಡೆ ಬರೆಯುವವರಿಗೆ ಎಲ್ಲ ಕಡೆ ಬರೆಯುವ ಅಭ್ಯಾಸ ಇರುತ್ತದೆ. ಇಂಥವರು ತಾವು ನೋಡುವ ಇನ್ನೊಂದು ಚಾನೆಲ್‌ನಲ್ಲಿ ಐವರಿಗೆ ಒಬ್ಬರಂತೆ ಬರೆಯುತ್ತಾರೆ ಎಂದು ಹಿಡಿದರೆ ಶೇಕಡಾ 15. ಹತ್ತಕ್ಕೆ ಒಬ್ಬರು ಎಂದರೆ ಶೇಕಡಾ 30. ಇವು ನನ್ನ ಊಹೆಗಳು, ಅಳತೆ ಅಲ್ಲ. ಅದಕ್ಕೇ ಒಂದೇ ಸಂಖ್ಯೆ ಹಿಡಿಯದೆ ಎರಡನ್ನೂ ಇಟ್ಟುಕೊಳ್ಳುತ್ತೇನೆ. 60,000ದಲ್ಲಿ ಅದು 9,000ದಿಂದ 18,000 ಜನ. ಕೈತೋಟದ ಕಡೆಯಿಂದ ನೋಡಿದರೆ ಶೇಕಡಾ 3.75ರಿಂದ 7.5. ಬರೆಯುವವರು ಹೆಚ್ಚು ಚಾನೆಲ್ ನೋಡುವವರೂ ಆಗಿರುತ್ತಾರೆ, ಹಾಗಾಗಿ ನಿಜವಾದ ಸಂಖ್ಯೆ ಇದಕ್ಕಿಂತ ಕಡಿಮೆ ಇರುವ ಸಾಧ್ಯತೆಯೇ ಜಾಸ್ತಿ.

ಇಷ್ಟು ಅಗಲದ ಅಂದಾಜು ಯಾವ ಕೆಲಸಕ್ಕೆ ಬರುತ್ತದೆ ಅಂತ ಕೇಳಬಹುದು. ಇಲ್ಲಿ ಚೆನ್ನಾಗಿಯೇ ಬರುತ್ತದೆ. ಹೆಚ್ಚಿನ ಅಂಕಿಯನ್ನೇ ಹಿಡಿದರೂ ಕೈತೋಟದ ನೋಡುಗರಲ್ಲಿ ನೂರಕ್ಕೆ 92 ಮಂದಿಗೆ ನಾವು ಹೊಸಬರು. ಹಾಗಾಗಿ ನಮಗೆ ಹೊಸ ಜನ ಬೇಕಿದ್ದರೆ ಮುಖ್ಯ ವಿಡಿಯೋ ಅವರ ಚಾನೆಲ್‌ನಲ್ಲಿ ಬರಲಿ ಎಂದು ಕೇಳಬೇಕು. ನಮ್ಮಲ್ಲಿ ಹಾಕಿದರೆ ಅವರಿಗೆ ಸಿಗುವ ಹೊಸಬರ ಗುಂಪು ಚಿಕ್ಕದು, ಅದರಲ್ಲೂ ಒಂದಷ್ಟು ಜನ ಆಗಲೇ ಅವರವರು. ಈ ತೀರ್ಮಾನ 9,000ಕ್ಕೂ ಅದೇ, 18,000ಕ್ಕೂ ಅದೇ.

ಆದರೆ ಹೊಸಬರು ಅಂದ ಮಾತ್ರಕ್ಕೆ ಆಸಕ್ತಿ ಇರುವವರು ಅಂತ ಅಲ್ಲ. ಅದನ್ನು ಪರೀಕ್ಷಿಸಲು ಮೂರನೇ ಚಾನೆಲ್ ಒಂದನ್ನು ತೆಗೆದುಕೊಳ್ಳಿ. ಕನ್ನಡದ್ದೇ ಇರಲಿ, ಹೆಚ್ಚುಕಡಿಮೆ ಅಷ್ಟೇ ಕಾಮೆಂಟ್‌ದಾರರಿರಲಿ, ವಿಷಯ ಮಾತ್ರ ದೂರದ್ದು, ಮೊಬೈಲ್ ರಿವ್ಯೂ ಥರದ್ದು. ಅಲ್ಲಿ ನಮ್ಮ 900ರಲ್ಲಿ 3 ಜನ ಸಿಕ್ಕರು ಅನ್ನೋಣ. ಅಷ್ಟು ಹೊಂದಿಕೆ ಕನ್ನಡದಲ್ಲಿ ಯೂಟ್ಯೂಬ್ ನೋಡುವ ಯಾರಲ್ಲೂ ಸಿಗುತ್ತದೆ. ಕೈತೋಟದಲ್ಲಿ 27 ಸಿಕ್ಕಿದ್ದು ಅದರ ಒಂಬತ್ತು ಪಟ್ಟು. ಸೊಪ್ಪು ಬೆಳೆಯುವವರಿಗೂ ಸೊಪ್ಪಿನ ಸಾರು ಮಾಡುವವರಿಗೂ ನಿಜವಾದ ನಂಟಿದೆ ಎಂದು ಈಗ ಧೈರ್ಯವಾಗಿ ಹೇಳಬಹುದು. ಅಲ್ಲೂ 3, ಇಲ್ಲೂ 3 ಆಗಿದ್ದರೆ ನಾನು ಈ ಕೊಲ್ಯಾಬ್‌ಗೆ ಕೈ ಹಾಕುತ್ತಿರಲಿಲ್ಲ. ಹೊಸಬರು ಒಮ್ಮೆ ಬಂದು ಹೋಗುತ್ತಾರೆ, ತಿರುಗಿ ಬರುವುದಿಲ್ಲ.

ಎರಡು ಎಚ್ಚರಿಕೆ. Unique viewers ಕೂಡ ಯೂಟ್ಯೂಬ್‌ನ ಅಂದಾಜೇ. ಮನೆಮಂದಿ ಒಂದೇ ಫೋನ್‌ನಲ್ಲಿ ನೋಡುತ್ತಿದ್ದರೆ ಅಮ್ಮನ ಅಡುಗೆ ವಿಡಿಯೋ, ಅಪ್ಪನ ಕೈತೋಟ ಎರಡೂ ಒಬ್ಬರ ಲೆಕ್ಕಕ್ಕೆ ಬಿದ್ದು ಓವರ್‌ಲ್ಯಾಪ್ ಉಬ್ಬಿ ಕಾಣಬಹುದು. ಎರಡನೆಯದು, ಕೊಲ್ಯಾಬ್ ವಿಡಿಯೋ ಬಂದ ಮೇಲೆ ಈ ಪಟ್ಟಿ ನೋಡಿದರೆ ಆ ವಿಡಿಯೋ ತಂದ ನೋಡುಗರೇ ಅದರಲ್ಲಿ ಸೇರಿಕೊಂಡಿರುತ್ತಾರೆ. ಆದ್ದರಿಂದ ಇಬ್ಬರ ಸ್ಕ್ರೀನ್‌ಶಾಟೂ, ಕಾಮೆಂಟ್ ಎಣಿಕೆಯೂ ವಿಡಿಯೋ ಬಿಡುವ ಮೊದಲೇ ತಾರೀಖಿನ ಸಮೇತ ಉಳಿಸಿಟ್ಟುಕೊಳ್ಳಿ. ವಿಡಿಯೋ ಬಂದು 28 ದಿನ ಕಳೆದ ಮೇಲೆ ಅದೇ ಎಣಿಕೆ ಮತ್ತೆ ಮಾಡಿ. ಎಣಿಸುವಾಗ ಕೊಲ್ಯಾಬ್ ವಿಡಿಯೋದ ಕಾಮೆಂಟ್‌ಗಳನ್ನು ಬಿಟ್ಟು, ನಮ್ಮ ಬೇರೆ ವಿಡಿಯೋಗಳಲ್ಲಿ ಕೈತೋಟದವರು ಎಷ್ಟು ಜನ ಬರೆದಿದ್ದಾರೆ ನೋಡಿ. 27 ಇದ್ದದ್ದು ಅಲ್ಲಿ ಏರಿದ್ದರೆ ಅವರು ನಮ್ಮಲ್ಲಿ ಉಳಿದಿದ್ದಾರೆ ಎಂದರ್ಥ.